ಶುಗರ್‌ಫ್ರೀ ಸ್ವೀಟು, ಚೂಯಿಂಗ್ ಗಮ್‌ನಿಂದ ಹೊಟ್ಟೆ ಕೆಡುತ್ತಿದೆಯಾ? ಪತ್ತೆ ಮಾಡುವುದು ಹೀಗೆ

ಬೆಂಗಳೂರಿನಲ್ಲಿ ಹೊಟ್ಟೆ ಕೆಟ್ಟರೆ ಮೊದಲು ಬೈಸಿಕೊಳ್ಳುವುದು ಟ್ಯಾಂಕರ್ ನೀರು. ಆಮೇಲೆ ದರ್ಶಿನಿಯ ಚಟ್ನಿ, ಸಂಜೆಯ ಪಾನಿಪುರಿ. ಬ್ಯಾಗಿನಲ್ಲಿರುವ ಶುಗರ್‌ಫ್ರೀ ಗಮ್ ಮೇಲಾಗಲಿ, ಫ್ರಿಜ್ಜಿನಲ್ಲಿರುವ ಶುಗರ್‌ಫ್ರೀ ಬರ್ಫಿಯ ಮೇಲಾಗಲಿ ಯಾರಿಗೂ ಅನುಮಾನ ಬರುವುದಿಲ್ಲ. ಅವನ್ನು ಆರೋಗ್ಯಕ್ಕೆ ಒಳ್ಳೆಯದು ಅಂತಲೇ ತಂದಿರುತ್ತೇವೆ ಅಲ್ವಾ?

ಆಹಾರ ಸಲಹೆಗೆ ನನ್ನ ಹತ್ತಿರ ಬರುವವರಲ್ಲಿ ಶುಗರ್ ಇರುವವರು, ತೂಕ ಇಳಿಸಲು ಹೊರಟವರು, ಸಿಗರೇಟು ಬಿಟ್ಟು ಗಮ್ ಹಿಡಿದವರು ಜಾಸ್ತಿ. ಹೊಟ್ಟೆ ಉಬ್ಬರ, ದಿನವಿಡೀ ಗ್ಯಾಸ್, ಬೆಳಗ್ಗೆ ಎರಡು ಮೂರು ಸಲ ತೆಳ್ಳಗೆ ಹೋಗುವುದು, ಇವರಲ್ಲಿ ಅನೇಕರದು ಇದೇ ದೂರು. ಕಾರಣ ಯಾವಾಗಲೂ ಶುಗರ್‌ಫ್ರೀ ತಿಂಡಿಯೇ ಆಗಿರುವುದಿಲ್ಲ. ಆದರೆ ಅದು ಹೌದೋ ಅಲ್ಲವೋ ಅಂತ ಮನೆಯಲ್ಲೇ, ಒಂದು ರೂಪಾಯಿ ಖರ್ಚಿಲ್ಲದೆ, ವಾರದೊಳಗೆ ತಿಳಿದುಕೊಳ್ಳಬಹುದು. ಅದನ್ನು ಮಾಡುವ ಕ್ರಮವನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಹೊಟ್ಟೆಯೊಳಗೆ ಏನಾಗುತ್ತದೆ

ಸಕ್ಕರೆ ಬರೀ ಸಿಹಿ ಕೊಡುವುದಿಲ್ಲ, ಸ್ವೀಟಿಗೆ ಮೈ ಕೊಡುತ್ತದೆ. ಕಾಲು ಕೇಜಿ ಬರ್ಫಿಯಿಂದ ಸಕ್ಕರೆ ತೆಗೆದುಬಿಟ್ಟರೆ ಆ ಜಾಗದಲ್ಲಿ ಬೇರೆ ಏನನ್ನಾದರೂ ತುಂಬಲೇಬೇಕು. ಸುಕ್ರಲೋಸ್, ಸ್ಟೀವಿಯಾದಂಥವು ಚಿಟಿಕೆಯಷ್ಟು ಹಾಕಿದರೂ ಸಾಕಷ್ಟು ಸಿಹಿ ಬರುತ್ತದೆ, ಹಾಗಾಗಿ ಅವು ಜಾಗ ತುಂಬುವುದಿಲ್ಲ. ಅಲ್ಲಿಗೆ ಬರುವುದೇ ಮಾಲ್ಟಿಟಾಲ್, ಸಾರ್ಬಿಟಾಲ್, ಐಸೋಮಾಲ್ಟ್, ಕ್ಸೈಲಿಟಾಲ್ ಎಂಬ ಗುಂಪು. ಇವಕ್ಕೆ ಒಟ್ಟಾಗಿ ಪಾಲಿಯಾಲ್ ಅಥವಾ ಶುಗರ್ ಆಲ್ಕೋಹಾಲ್ ಅನ್ನುತ್ತಾರೆ. ಕುಡಿಯುವ ಆಲ್ಕೋಹಾಲ್‌ಗೂ ಇವಕ್ಕೂ ಸಂಬಂಧವಿಲ್ಲ, ಮತ್ತೇರುವುದಿಲ್ಲ.

ಸಕ್ಕರೆಯನ್ನು ಸಣ್ಣ ಕರುಳು ಬೇಗ ಒಡೆದು ಹೀರಿಕೊಳ್ಳುತ್ತದೆ. ಪಾಲಿಯಾಲ್ ವಿಷಯದಲ್ಲಿ ಹಾಗಲ್ಲ. ಅದರಲ್ಲಿ ಒಂದಷ್ಟು ಭಾಗ ಮಾತ್ರ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಉಳಿದದ್ದು ಹಾಗೇ ಕೆಳಗೆ ಸಾಗುತ್ತದೆ. ರಕ್ತದ ಶುಗರ್ ಸಕ್ಕರೆ ತಿಂದಷ್ಟು ಏರದಿರುವುದಕ್ಕೂ, ಹೊಟ್ಟೆ ಕೆಡುವುದಕ್ಕೂ ಇದೇ ಕಾರಣ. ಒಂದು ಬೇಕು, ಇನ್ನೊಂದು ಬೇಡ ಅಂದರೆ ಆಗುವುದಿಲ್ಲ.

ಹೀಗೆ ಉಳಿದ ಪಾಲಿಯಾಲ್ ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ನೀರು ಸೆಳೆಯುವುದು. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ರಾತ್ರಿ ಕಳೆಯುವುದರೊಳಗೆ ಜಾಡಿಯಲ್ಲಿ ನೀರು ನಿಲ್ಲುತ್ತದೆ. ಕರುಳಿನ ಒಳಗೂ ಪಾಲಿಯಾಲ್ ಹಾಗೇ ಮೈಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಅದು ಜಾಸ್ತಿಯಾದರೆ ಲೂಸ್ ಮೋಷನ್. ಎರಡನೆಯದು, ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದು ಊಟವಾಗುತ್ತದೆ. ಅವು ಅದನ್ನು ಹುಳಿಬರಿಸಿದಾಗ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತವೆ, ಕೆಲವರಲ್ಲಿ ಮೀಥೇನ್ ಕೂಡ. ಹೊಟ್ಟೆ ಗುಡುಗುಡು ಅನ್ನುವುದು, ಪ್ಯಾಂಟು ಬಿಗಿಯಾಗುವುದು, ಮೀಟಿಂಗಿನಲ್ಲಿ ಕೂರಲಾರದಷ್ಟು ಗ್ಯಾಸ್ ಒತ್ತುವುದು ಇದರಿಂದಲೇ.

ಇದೇ ಗುಂಪಿನ ಲ್ಯಾಕ್ಟಿಟಾಲ್ ಅನ್ನು ಮಲಬದ್ಧತೆಗೆ ಔಷಧಿಯಾಗಿಯೇ ಮೆಡಿಕಲ್ ಶಾಪಿನಲ್ಲಿ ಮಾರುತ್ತಾರೆ. ಅಂದಮೇಲೆ ಅದರ ಅಣ್ಣತಮ್ಮಂದಿರನ್ನು ಬರ್ಫಿಯಲ್ಲಿ ತಿಂದಾಗ ಹೊಟ್ಟೆ ಸಡಿಲವಾದರೆ ಆಶ್ಚರ್ಯವಿಲ್ಲ. ಇದು ಅಲರ್ಜಿಯೂ ಅಲ್ಲ, ಸೋಂಕೂ ಅಲ್ಲ. ಎಷ್ಟು ತಿಂದಿರಿ ಅನ್ನುವುದರ ಮೇಲೆ ನಿಂತಿರುವ ತೊಂದರೆ. ಆದ್ದರಿಂದಲೇ ಇದನ್ನು ಲೆಕ್ಕ ಹಾಕಿ ಹಿಡಿಯಬಹುದು.

ಮೊದಲ ಕೆಲಸ: ಪ್ಯಾಕೆಟ್ಟಿನ ಹಿಂಬದಿ ಓದಿ

ಮುಂಬದಿಯ ದೊಡ್ಡ ಅಕ್ಷರಗಳನ್ನು ಬಿಡಿ. ‘ನೋ ಆ್ಯಡೆಡ್ ಶುಗರ್’, ‘ಡಯಾಬಿಟಿಕ್ ಫ್ರೆಂಡ್ಲಿ’ ಅಂತೆಲ್ಲ ಅಲ್ಲಿ ಬರೆದಿರುವುದರಿಂದ ನಮಗೆ ಬೇಕಾದದ್ದು ಗೊತ್ತಾಗುವುದಿಲ್ಲ. ಹಿಂಬದಿಯಲ್ಲಿ ಇಂಗ್ರೀಡಿಯಂಟ್ಸ್ ಪಟ್ಟಿ ಇರುತ್ತದೆ. ಜಾಸ್ತಿ ತೂಕದ ಪದಾರ್ಥವನ್ನು ಮೊದಲು ಬರೆಯುವುದು ನಿಯಮ. ಗಮ್ ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ ಮೊದಲ ಮೂರು ಹೆಸರಿನಲ್ಲೇ ಪಾಲಿಯಾಲ್ ಸಿಗುತ್ತದೆ.

ಹಲವು ಕಂಪನಿಗಳು ಹೆಸರಿನ ಬದಲು ನಂಬರ್ ಹಾಕುತ್ತವೆ. ‘ಸ್ವೀಟ್ನರ್’ ಅಥವಾ ‘ಹ್ಯೂಮೆಕ್ಟೆಂಟ್’ ಅಂದು ಪಕ್ಕದಲ್ಲಿ ಐಎನ್‌ಎಸ್ ನಂಬರ್ ಕೊಟ್ಟಿರುತ್ತಾರೆ. 420 ಅಂದರೆ ಸಾರ್ಬಿಟಾಲ್, 421 ಮ್ಯಾನಿಟಾಲ್, 953 ಐಸೋಮಾಲ್ಟ್, 965 ಮಾಲ್ಟಿಟಾಲ್, 967 ಕ್ಸೈಲಿಟಾಲ್, 968 ಎರಿಥ್ರಿಟಾಲ್. ಇಷ್ಟನ್ನು ಫೋನಿನಲ್ಲಿ ಬರೆದಿಟ್ಟುಕೊಂಡರೆ ಅಂಗಡಿಯಲ್ಲೇ ನೋಡಬಹುದು. 951 ಆಸ್ಪಾರ್ಟೇಮ್, 955 ಸುಕ್ರಲೋಸ್, 960 ಸ್ಟೀವಿಯಾದ್ದು. ಈ ಮೂರೂ ಪಾಲಿಯಾಲ್ ಅಲ್ಲ, ನಾವು ಮಾತಾಡುತ್ತಿರುವ ತೊಂದರೆ ಇವುಗಳದ್ದಲ್ಲ.

ಇನ್ನೊಂದು ಗುರುತು ಇದೆ. ಪಾಲಿಯಾಲ್ ಶೇ 10 ಅಥವಾ ಅದಕ್ಕಿಂತ ಜಾಸ್ತಿ ಇರುವ ತಿನಿಸಿನ ಮೇಲೆ ‘ಪಾಲಿಯಾಲ್ಸ್ ಮೇ ಹ್ಯಾವ್ ಲ್ಯಾಕ್ಸೆಟಿವ್ ಎಫೆಕ್ಟ್ಸ್’ ಅಂತ ಬರೆಯಬೇಕು ಅನ್ನುತ್ತದೆ ನಮ್ಮ ದೇಶದ ಲೇಬಲ್ ನಿಯಮ. ಭೇದಿ ಆಗಬಹುದು ಅಂತ ಪ್ಯಾಕೆಟ್ಟೇ ಹೇಳುತ್ತಿದೆ ಅಂತಾಯಿತು. ಆದರೆ ಆ ಸಾಲು ಗಮ್ ಪ್ಯಾಕೆಟ್ಟಿನ ಮಡಿಕೆಯಲ್ಲಿ, ಬಾರ್‌ಕೋಡ್ ಪಕ್ಕದಲ್ಲಿ, ಅಕ್ಕಿಕಾಳಿಗಿಂತ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಚಾಳೀಸು ಬಂದವರು ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಶುಗರ್ ಇರುವವರಲ್ಲಿ ಹೆಚ್ಚಿನವರು ಆ ವಯಸ್ಸಿನವರೇ, ಅವರಿಗೆ ಬೇಕಾದ ಎಚ್ಚರಿಕೆಯನ್ನು ಅವರಿಗೇ ಕಾಣದಂತೆ ಅಚ್ಚು ಹಾಕುವುದು ನನಗೆ ಸರಿ ಅನ್ನಿಸುವುದಿಲ್ಲ.

ಎರಡನೆಯದು: ದಿನದ ಗ್ರಾಂ ಲೆಕ್ಕ

ಪೌಷ್ಟಿಕಾಂಶದ ಕೋಷ್ಟಕದಲ್ಲಿ ಕಾರ್ಬೋಹೈಡ್ರೇಟ್ ಕೆಳಗೆ ಪಾಲಿಯಾಲ್ ಅಥವಾ ಶುಗರ್ ಆಲ್ಕೋಹಾಲ್ ಎಷ್ಟು ಅಂತ 100 ಗ್ರಾಂಗೆ ಕೊಟ್ಟಿರುತ್ತಾರೆ. ಕೊಟ್ಟಿಲ್ಲದಿದ್ದರೆ ಇಂಗ್ರೀಡಿಯಂಟ್ಸ್ ಪಟ್ಟಿಯಲ್ಲಿ ಶೇಕಡಾ ಇದೆಯಾ ನೋಡಿ. ಎರಡೂ ಇಲ್ಲದ ಗಮ್ ಆದರೆ ಒಂದು ತುಂಡಿಗೆ 1 ಗ್ರಾಂ ಅಂತ ಇಟ್ಟುಕೊಳ್ಳಿ. ಅದು ಹೆಚ್ಚುಕಡಿಮೆ ಸರಿಹೋಗುತ್ತದೆ.

ಲೆಕ್ಕ ಹೇಗೆ ಅಂತ ಒಬ್ಬರ ಉದಾಹರಣೆಯಲ್ಲೇ ತೋರಿಸುತ್ತೇನೆ. ಕೋಣನಕುಂಟೆ ಕಡೆಯವರು, ವಯಸ್ಸು ನಲವತ್ತಾರು. ಎಂ.ಜಿ. ರಸ್ತೆಯಲ್ಲಿ ಆಫೀಸು. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಾ ಕೆಲವು ವರ್ಷ ಆಗಿತ್ತು, ಅದರಿಂದ ಏನೂ ತೊಂದರೆ ಇರಲಿಲ್ಲ. ಸಿಗರೇಟು ಬಿಟ್ಟ ಮೇಲೆ ಗಮ್ ಶುರುವಾಯಿತು. ಅದಾದ ಕೆಲವು ವಾರಕ್ಕೆ ಹೊಟ್ಟೆ ಉಬ್ಬರ. ಸೋಮವಾರ ಬಂತೆಂದರೆ ಲೂಸ್ ಮೋಷನ್. ಮೆಟ್ರೊದಲ್ಲಿ ಮೆಜೆಸ್ಟಿಕ್ ತಲುಪಿ ರೈಲು ಬದಲಾಯಿಸುವ ಹೊತ್ತಿಗೆ ಟಾಯ್ಲೆಟ್ ಎಲ್ಲಿದೆ ಅಂತ ಹುಡುಕಬೇಕಾಗುತ್ತಿತ್ತು. ಭಾನುವಾರದ ಹೊರಗಿನ ಊಟವೇ ಕಾರಣ ಅಂದುಕೊಂಡು ಅದನ್ನು ಬಿಟ್ಟರು, ಕಡಿಮೆಯಾಗಲಿಲ್ಲ. ನೀರಿನ ಕ್ಯಾನ್ ಬದಲಾಯಿಸಿದರು. ಅಮೀಬಾ ಇರಬಹುದು ಅಂತ ಮಾತ್ರೆಯ ಕೋರ್ಸ್ ಕೂಡ ಮುಗಿಸಿದ್ದರು. ಮಲ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ.

“ಬಾಯಿಗೆ ಏನೇನು ಹಾಕಿಕೊಳ್ಳುತ್ತೀರಿ ಸಾರ್, ಊಟ ತಿಂಡಿ ಬಿಟ್ಟು?” ಅಂತ ಕೇಳಿದೆ.

“ಏನಿಲ್ಲ ಮೇಡಂ, ಸುಮ್ನೆ ಗಮ್ ಅಷ್ಟೇ. ರಾತ್ರಿ ಎರಡು ಪೀಸ್ ಶುಗರ್‌ಫ್ರೀ ಬರ್ಫಿ.” ಸ್ವಲ್ಪ ತಡೆದು, “ಭಾನುವಾರ ಮಗಳ ಜೊತೆ ಪಿಕ್ಚರ್ ನೋಡುವಾಗ ಒಂದರ್ಧ ಚಾಕೊಲೇಟ್. ಅದೂ ಶುಗರ್‌ಫ್ರೀನೇ.”

ಮುಂದಿನ ಸಲ ಬರುವಾಗ ಮೂರರ ಖಾಲಿ ಕವರನ್ನೂ ತರಲು ಹೇಳಿದೆ. ತಂದರು, ಕೂತು ಲೆಕ್ಕ ಹಾಕಿದೆವು.

ಗಮ್ ಪ್ಯಾಕೆಟ್ 14 ಗ್ರಾಂ, ಒಳಗೆ 10 ತುಂಡು. ಅಂದರೆ ಒಂದು ತುಂಡು 1.4 ಗ್ರಾಂ. ಕೋಷ್ಟಕದ ಪ್ರಕಾರ 100 ಗ್ರಾಂಗೆ ಪಾಲಿಯಾಲ್ 65 ಗ್ರಾಂ. ಹಾಗಾದರೆ ಒಂದು ತುಂಡಿನಲ್ಲಿ 0.9 ಗ್ರಾಂ. ದಿನಕ್ಕೆ ಒಂಬತ್ತು ತುಂಡು ಅಗಿಯುತ್ತಿದ್ದರು, ಅಲ್ಲಿಗೆ 8 ಗ್ರಾಂ. ಬರ್ಫಿಯಲ್ಲಿ 100 ಗ್ರಾಂಗೆ 36 ಗ್ರಾಂ ಮಾಲ್ಟಿಟಾಲ್, ಒಂದು ಪೀಸ್ 25 ಗ್ರಾಂ. ಒಂದು ಪೀಸಿಗೆ 9, ಎರಡಕ್ಕೆ 18 ಗ್ರಾಂ. ಮಾಮೂಲಿ ದಿನದ ಒಟ್ಟು 26 ಗ್ರಾಂ ಆಯಿತು. ಭಾನುವಾರ 80 ಗ್ರಾಂ ಚಾಕೊಲೇಟಿನಲ್ಲಿ ಅರ್ಧ, ಅದರಲ್ಲಿ ಶೇ 40ರಷ್ಟು ಮಾಲ್ಟಿಟಾಲ್. ಇನ್ನೊಂದು 16 ಗ್ರಾಂ ಸೇರಿತು. ಭಾನುವಾರದ ಮೊತ್ತ 42 ಗ್ರಾಂ.

ಸೋಮವಾರ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಯಾಕೆ ಪರದಾಟ ಅನ್ನುವುದು ಅಲ್ಲೇ ಕಂಡಿತು.

ಎಷ್ಟಾದರೆ ಜಾಸ್ತಿ?

ಸಾರ್ಬಿಟಾಲ್ ಬಗ್ಗೆ ಲೆಕ್ಕ ಸಾಕಷ್ಟು ಸ್ಪಷ್ಟವಾಗಿದೆ. ದಿನಕ್ಕೆ 5ರಿಂದ 20 ಗ್ರಾಂ ಒಳಗೆ ಗ್ಯಾಸ್, ಉಬ್ಬರ, ಹೊಟ್ಟೆ ಹಿಡಿದಂತಾಗುವುದು ಶುರುವಾಗಬಹುದು. 20 ಗ್ರಾಂ ದಾಟಿದರೆ ಭೇದಿ ಆಗುವ ಸಂಭವ ಜಾಸ್ತಿ. ಮ್ಯಾನಿಟಾಲ್ ಇದಕ್ಕಿಂತ ಕಡಿಮೆಯಲ್ಲೇ ತೊಂದರೆ ಕೊಡುತ್ತದೆ. ಮಾಲ್ಟಿಟಾಲ್, ಕ್ಸೈಲಿಟಾಲ್ ಸ್ವಲ್ಪ ಮೃದು. ಹಲವರು 20–30 ಗ್ರಾಂವರೆಗೆ ತಡೆದುಕೊಳ್ಳುತ್ತಾರೆ. ಎರಿಥ್ರಿಟಾಲ್ ಹೆಚ್ಚಿನ ಭಾಗ ಸಣ್ಣ ಕರುಳಿನಲ್ಲೇ ಹೀರಿಕೊಂಡು ಮೂತ್ರದಲ್ಲಿ ಹೋಗಿಬಿಡುತ್ತದೆ, ದೊಡ್ಡ ಕರುಳಿಗೆ ತಲುಪುವುದು ಕಡಿಮೆ. ಹಾಗಾಗಿ ಹೊಟ್ಟೆಯ ಮಟ್ಟಿಗೆ ಈ ಗುಂಪಿನಲ್ಲಿ ಅದೇ ಸಾಧು. ಆದರೂ ಒಂದೇ ಸಲಕ್ಕೆ ತುಂಬಾ ತಿಂದರೆ ಅದೂ ಬಿಡುವುದಿಲ್ಲ.

ಇವು ಯಾವುವೂ ಗೀಟು ಎಳೆದ ಮಿತಿಯಲ್ಲ. ಕರುಳು ಬೇಗ ಕೆರಳುವ ಐಬಿಎಸ್ ತೊಂದರೆ ಇರುವವರಲ್ಲಿ ಕೆಲವರಿಗೆ ಎರಡು ಮೂರು ಗಮ್ ಸಾಕು, ಸಂಜೆಯೊಳಗೆ ಹೊಟ್ಟೆ ಊದಿಕೊಳ್ಳುತ್ತದೆ. ಮಕ್ಕಳ ಮೈತೂಕ ಕಡಿಮೆ, ದೊಡ್ಡವರಿಗೆ ಏನೂ ಮಾಡದ ಪ್ರಮಾಣ ಅವರಿಗೆ ಭೇದಿ ತರಿಸಬಹುದು. ಅಜ್ಜಿಯ ಶುಗರ್‌ಫ್ರೀ ಚಾಕೊಲೇಟಿಗೆ ಮೊಮ್ಮಗ ಕೈ ಹಾಕಿದ ದಿನ ಇದನ್ನು ನೆನಪಿಟ್ಟುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ತಿಂದರೆ ಬೇಗ ಹಿಡಿಯುತ್ತದೆ, ಊಟದ ಜೊತೆ ತಿಂದರೆ ನಿಧಾನ. ಒಂದೇ ಸಲಕ್ಕೆ ತಿಂದದ್ದಕ್ಕೂ ದಿನವಿಡೀ ಹಂಚಿ ತಿಂದದ್ದಕ್ಕೂ ವ್ಯತ್ಯಾಸವಿದೆ.

ಬರೀ ಗಮ್‌ನಿಂದ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ದಾಖಲೆಯಾದ ಒಂದು ಪ್ರಕರಣವಿದೆ. 2008ರಲ್ಲಿ ಬರ್ಲಿನ್ನಿನ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ರೋಗಿಗಳ ಬಗ್ಗೆ ಬರೆದರು. ಒಬ್ಬಾಕೆಗೆ 21 ವರ್ಷ. ತಿಂಗಳುಗಟ್ಟಲೆ ಭೇದಿ, 11 ಕೇಜಿ ತೂಕ ಇಳಿದಿತ್ತು. ಏನೆಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗಲಿಲ್ಲ. ಕೊನೆಗೆ ಊಟದ ಬಗ್ಗೆ ಕೂರಿಸಿ ಕೇಳಿದಾಗ ಗೊತ್ತಾಯಿತು, ಆಕೆ ಗಮ್‌ನಿಂದಲೇ ದಿನಕ್ಕೆ 18–20 ಗ್ರಾಂ ಸಾರ್ಬಿಟಾಲ್ ತಿನ್ನುತ್ತಿದ್ದಳು. ಇನ್ನೊಬ್ಬರು 46 ವರ್ಷದವರು, ಗಮ್ ಜೊತೆ ಶುಗರ್‌ಫ್ರೀ ಮಿಠಾಯಿಯೂ ಸೇರಿ ದಿನಕ್ಕೆ ಸುಮಾರು 30 ಗ್ರಾಂ. ಅವರ ತೂಕ 22 ಕೇಜಿ ಇಳಿದಿತ್ತು. ಇಬ್ಬರೂ ಸಾರ್ಬಿಟಾಲ್ ಬಿಟ್ಟ ಮೇಲೆ ಭೇದಿ ನಿಂತಿತು, ತೂಕ ಮತ್ತೆ ಏರತೊಡಗಿತು. ಇಷ್ಟು ಜೋರಾಗಿ ಆಗುವುದು ಅಪರೂಪ. ಆದರೆ ಗಮ್ ಬಗ್ಗೆ ಯಾರೂ ಕೇಳುವುದಿಲ್ಲ, ರೋಗಿಗಳಿಗೂ ಹೇಳಬೇಕು ಅನ್ನಿಸುವುದಿಲ್ಲ. ಅದು ಬರ್ಲಿನ್ನಿನಲ್ಲೂ ಇಲ್ಲಿಯೂ ಒಂದೇ.

ಮೂರನೆಯದು: ನಾಲ್ಕು ದಿನ ಪೂರ್ತಿ ನಿಲ್ಲಿಸಿ

ಲೆಕ್ಕದಿಂದ ಅನುಮಾನ ಬರುತ್ತದೆ, ನಿಲ್ಲಿಸಿ ನೋಡಿದರೆ ಉತ್ತರ ಸಿಗುತ್ತದೆ. ನಾಲ್ಕು ದಿನ ಪಾಲಿಯಾಲ್ ಇರುವ ಯಾವುದನ್ನೂ ಬಾಯಿಗೆ ಹಾಕಬೇಡಿ. ‘ಕಡಿಮೆ ಮಾಡಿದ್ದೇನೆ’ ಅಂದರೆ ಪ್ರಯೋಜನವಿಲ್ಲ. ಪೂರ್ತಿ ಶೂನ್ಯ ಆಗಬೇಕು.

ಈ ಹಂತದಲ್ಲಿ ತಪ್ಪುವುದು ಎಲ್ಲಿ ಗೊತ್ತಾ? ಗಮ್ ನಿಲ್ಲಿಸುತ್ತಾರೆ, ಮಿಂಟ್ ನಿಲ್ಲಿಸುವುದಿಲ್ಲ. ಬರ್ಫಿ ನಿಲ್ಲಿಸುತ್ತಾರೆ, ಟೀ ಜೊತೆಯ ಶುಗರ್‌ಫ್ರೀ ಬಿಸ್ಕತ್ತು ಮರೆತೇಹೋಗಿರುತ್ತದೆ. ಜಿಮ್‌ಗೆ ಹೋಗುವವರ ಪ್ರೋಟೀನ್ ಬಾರ್, ಶುಗರ್ ಇರುವವರಿಗೆ ಬರೆದುಕೊಟ್ಟ ಶುಗರ್‌ಫ್ರೀ ಕೆಮ್ಮಿನ ಸಿರಪ್, ಸಿಗರೇಟು ಬಿಡಿಸುವ ನಿಕೋಟಿನ್ ಗಮ್, ಇವುಗಳಲ್ಲೂ ಸಾರ್ಬಿಟಾಲ್ ಅಥವಾ ಅದರ ಜೊತೆಗಾರರು ಇರುವುದುಂಟು. ಸಿರಪ್, ನಿಕೋಟಿನ್ ಗಮ್ ಔಷಧಿಗಳು, ಅವನ್ನು ಬಿಡುವ ಮೊದಲು ಡಾಕ್ಟರನ್ನು ಕೇಳಿ. ಸಿಗರೇಟಿಗೆ ವಾಪಸ್ ಹೋಗುವುದಕ್ಕಿಂತ ಗ್ಯಾಸ್ ಎಷ್ಟೋ ವಾಸಿ.

ಉಳಿದದ್ದೆಲ್ಲ ಹೇಗಿತ್ತೋ ಹಾಗೇ ಇರಲಿ. ಇದೇ ವಾರ ಹಾಲು ಬಿಡುವುದು, ನೀರಿನ ಕ್ಯಾನ್ ಬದಲಾಯಿಸುವುದು, ಪ್ರೋಬಯೋಟಿಕ್ ಶುರು ಮಾಡುವುದು ಬೇಡ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅನ್ನುವುದು ಗೊತ್ತೇ ಆಗುವುದಿಲ್ಲ. ಶುಗರ್ ಮಾತ್ರೆಯನ್ನಂತೂ ಒಂದು ಹೊತ್ತೂ ತಪ್ಪಿಸಬೇಡಿ. ಬಾಯಿ ಚಪ್ಪೆ ಅನ್ನಿಸಿದರೆ ಊಟದ ಮೇಲೆ ಸಕ್ಕರೆ ಲೇಪವಿಲ್ಲದ ಬಡೇಸೋಪು, ಒಂದು ಏಲಕ್ಕಿ, ಲವಂಗ ಸಾಕು.

ಪಾಲಿಯಾಲ್ ಕಾರಣವಾಗಿದ್ದರೆ ಲೂಸ್ ಮೋಷನ್ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ನಿಲ್ಲುತ್ತದೆ. ಗ್ಯಾಸ್ ಹೋಗಲು ಇನ್ನೊಂದು ದಿನ ಬೇಕಾಗಬಹುದು. ನಾಲ್ಕನೇ ದಿನವೂ ಹಾಗೇ ಇದ್ದರೆ ಕಾರಣ ಬೇರೆ ಇದೆ ಅಂತ ತಿಳಿಯಿರಿ. ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು ಬರೆದರೆ ಸಾಕು: ಎಷ್ಟು ಸಲ ಹೋದಿರಿ, ಗಟ್ಟಿಯೋ ತೆಳ್ಳಗೋ, ಉಬ್ಬರ ಎಷ್ಟು ಹೊತ್ತಿಗೆ ಬಂತು.

ಈ ನಡುವೆ ಭೇದಿ ಜೋರಾಗಿದ್ದರೆ ಮೈಯ ನೀರು, ಉಪ್ಪು ಎರಡೂ ಹೋಗುತ್ತವೆ. ಮೆಡಿಕಲ್ ಶಾಪಿನಲ್ಲಿ ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್ ಪುಡಿ ಅಂತ ಕೇಳಿ ತೆಗೆದುಕೊಳ್ಳಿ, ಟೆಟ್ರಾ ಪ್ಯಾಕಿನ ಹಣ್ಣಿನ ರುಚಿಯ ಡ್ರಿಂಕ್ ಬೇಡ. ಶುಗರ್ ಇರುವವರೂ ಭೇದಿಯಾದಾಗ ಓಆರ್‌ಎಸ್ ಕುಡಿಯಬಹುದು, ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳುತ್ತಿರಿ. ಸೇಬಿನ ರಸವನ್ನು ಈ ದಿನಗಳಲ್ಲಿ ದೂರ ಇಡಿ. ಸೇಬು, ಪೇರ್, ಒಣ ಪ್ಲಮ್‌ಗಳಲ್ಲಿ ಸಾರ್ಬಿಟಾಲ್ ಹುಟ್ಟಿನಿಂದಲೇ ಇದೆ.

ನಾಲ್ಕನೆಯದು: ಒಂದೊಂದಾಗಿ ವಾಪಸ್ ತನ್ನಿ

ಹೊಟ್ಟೆ ಸರಿಹೋಯಿತು ಅಂತ ಇಲ್ಲಿಗೇ ಬಿಡುವವರು ಹೆಚ್ಚು. ಆದರೆ ನಿಮ್ಮ ಹೊಟ್ಟೆ ಎಷ್ಟನ್ನು ತಡೆಯುತ್ತದೆ ಅನ್ನುವುದು ವಾಪಸ್ ತಿಂದು ನೋಡಿದಾಗ ಮಾತ್ರ ತಿಳಿಯುತ್ತದೆ. ಕಾಕತಾಳೀಯವಾಗಿ ಸರಿಹೋಯಿತಾ ಅನ್ನುವ ಅನುಮಾನವೂ ಆಗಲೇ ಬಗೆಹರಿಯುತ್ತದೆ. ಒಂದು ಪದಾರ್ಥ, ಎರಡು ದಿನ. ಆಮೇಲೆ ಇನ್ನೊಂದು.

ಕೋಣನಕುಂಟೆಯವರು ಮೊದಲು ಗಮ್ ತಂದರು, ದಿನಕ್ಕೆ ನಾಲ್ಕು ತುಂಡು ಮಾತ್ರ. ಎರಡು ದಿನವೂ ಏನೂ ಆಗಲಿಲ್ಲ. ತೇಗು ಮಾತ್ರ ಬರುತ್ತಿತ್ತು. ಅದು ಪಾಲಿಯಾಲ್ ಕೆಲಸವಲ್ಲ, ಗಮ್ ಅಗಿಯುವಾಗ ನುಂಗುವ ಗಾಳಿಯದು. ಬಾಯಿ ಮುಚ್ಚಿ ಅಗಿದರೆ, ಇಪ್ಪತ್ತು ನಿಮಿಷಕ್ಕೆ ಉಗಿದರೆ ಅದು ಕಡಿಮೆಯಾಗುತ್ತದೆ. ಆಮೇಲೆ ಗಮ್ ನಿಲ್ಲಿಸಿ ಬರ್ಫಿ ತಿಂದು ನೋಡಿದರು. ರಾತ್ರಿ ಊಟದ ಜೊತೆ ಒಂದು ಪೀಸ್, ತೊಂದರೆ ಇಲ್ಲ. ಮರುದಿನ ಎರಡು ಪೀಸ್, ಬೆಳಗಿನವರೆಗೆ ಗುಡುಗುಡು. ಕೊನೆಗೆ ಗಮ್ ನಾಲ್ಕು, ಬರ್ಫಿ ಒಂದು, ಎರಡೂ ಸೇರಿ 13 ಗ್ರಾಂ ಆಸುಪಾಸಿಗೆ ನಿಲ್ಲಿಸಿಕೊಂಡರು. ಭಾನುವಾರ ಚಾಕೊಲೇಟ್ ಬೇಕಾದರೆ ಅವತ್ತು ಬರ್ಫಿ ಇಲ್ಲ, ಚಾಕೊಲೇಟೂ ಎರಡು ಚೌಕ ಮಾತ್ರ. ಸೋಮವಾರದ ಓಟ ನಿಂತಿತು. ನಿಮ್ಮ ಅಂಕಿ ಬೇರೆ ಇರುತ್ತದೆ, ಅವರದ್ದನ್ನೇ ಹಿಡಿದುಕೊಳ್ಳಬೇಡಿ.

ದಿನಾ ತಿಂದರೆ ಹೊಟ್ಟೆ ಹೊಂದಿಕೊಳ್ಳುತ್ತದೆ ಅಂತ ಕೆಲವರು ಹೇಳುತ್ತಾರೆ. ಕ್ಸೈಲಿಟಾಲ್ ವಿಷಯದಲ್ಲಿ ಸ್ವಲ್ಪ ಮಟ್ಟಿಗೆ ಅದು ನಿಜ. ಆದರೆ ಆ ಆಸೆಗೆ ಬಿದ್ದು ಭೇದಿ ಆಗುತ್ತಿದ್ದರೂ ತಿನ್ನುತ್ತಾ ಹೋಗುವುದು ತಪ್ಪು.

ಸ್ವೀಟ್ ಅಂಗಡಿಯ ಕೌಂಟರಿನಲ್ಲಿ

ಜಯನಗರ, ಮಲ್ಲೇಶ್ವರ, ಗಾಂಧಿ ಬಜಾರ್ ಎಲ್ಲಿ ಹೋದರೂ ಸ್ವೀಟ್ ಅಂಗಡಿಯಲ್ಲಿ ಈಗ ಶುಗರ್‌ಫ್ರೀಗೆ ಒಂದು ಪ್ರತ್ಯೇಕ ಟ್ರೇ ಇರುತ್ತದೆ. ತೂಕ ಮಾಡಿ ಡಬ್ಬಿಗೆ ತುಂಬಿಸಿ ಕೊಡುತ್ತಾರೆ. ಓದಲು ಲೇಬಲ್ ಇರುವುದಿಲ್ಲ. ದೀಪಾವಳಿ ಹೊತ್ತಿಗೆ ಇಂಥ ಡಬ್ಬಿಗಳು ಮನೆಮನೆಗೆ ಬರುತ್ತವೆ, ತಿನ್ನುವವರಿಗೆ ಒಳಗೇನಿದೆ ಅಂತ ಗೊತ್ತಿರುವುದಿಲ್ಲ.

ಕೌಂಟರಿನವರನ್ನು ‘ಇದಕ್ಕೆ ಸಕ್ಕರೆ ಹಾಕಿಲ್ವಾ?’ ಅಂತ ಕೇಳಿದರೆ ‘ಇಲ್ಲ ಮೇಡಂ, ಪೂರ್ತಿ ಶುಗರ್‌ಫ್ರೀ’ ಅನ್ನುತ್ತಾರೆ. ಅದು ನಿಜವೇ. ನೀವು ಕೇಳಬೇಕಾದದ್ದು ‘ಸಕ್ಕರೆ ಬದಲು ಏನು ಹಾಕಿದ್ದೀರಿ?’ ಅಂತ. ಖರ್ಜೂರ, ಅಂಜೂರ, ಒಣಹಣ್ಣು ಅಂದರೆ ಪಾಲಿಯಾಲ್ ಸೇರಿಸಿಲ್ಲ, ಆದರೆ ಆ ಹಣ್ಣುಗಳ ಸಕ್ಕರೆ ರಕ್ತಕ್ಕೆ ಸೇರಿಯೇ ಸೇರುತ್ತದೆ, ಶುಗರ್ ಇರುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ‘ಶುಗರ್‌ಫ್ರೀ ಪೌಡರ್’ ಅಂದರೆ ಆ ಪೌಡರಿನ ಪ್ಯಾಕೆಟ್ ತೋರಿಸಿ ಅನ್ನಿ. ಮೈಸೂರು ಪಾಕಿನಂತೆ ಪಾಕ ಬೇಕೇ ಬೇಕಾದ ಸ್ವೀಟು ಸಕ್ಕರೆ ಇಲ್ಲದೆ ನಿಂತಿದೆ ಅಂದರೆ ಮಾಲ್ಟಿಟಾಲ್ ಅಥವಾ ಐಸೋಮಾಲ್ಟ್ ಇರಬಹುದು ಅಂತ ನಾನು ಮೊದಲೇ ಅಂದುಕೊಳ್ಳುತ್ತೇನೆ. ಗೊತ್ತಿಲ್ಲ ಅಂದರೆ ಅರ್ಧ ಪೀಸಿಗೆ ನಿಲ್ಲಿಸಿ.

ಶುಗರ್ ಇರುವವರಿಗೆ ಇನ್ನೊಂದು ಮಾತು. ಮಾಲ್ಟಿಟಾಲ್ ರಕ್ತದ ಶುಗರನ್ನು ಸಕ್ಕರೆಯಷ್ಟು ಏರಿಸುವುದಿಲ್ಲ, ಆದರೆ ಏರಿಸುವುದೇ ಇಲ್ಲ ಅಂತಿಲ್ಲ. ಬರ್ಫಿಯಲ್ಲಿ ಖೋವಾ, ಗೋಡಂಬಿ, ತುಪ್ಪವೂ ಇವೆ. ‘ಶುಗರ್‌ಫ್ರೀ’ ಅಂತ ನಾಲ್ಕು ಪೀಸ್ ತಿನ್ನುವುದಕ್ಕಿಂತ ಹಬ್ಬದ ದಿನ ಡಾಕ್ಟರಿಗೆ ಹೇಳಿ ನಿಜವಾದ ಮೈಸೂರು ಪಾಕನ್ನೇ ಒಂದು ಸಣ್ಣ ತುಂಡು ತಿನ್ನುವುದು ನನ್ನ ಪ್ರಕಾರ ಒಳ್ಳೆಯದು. ಇನ್ನು, ಶುಗರ್ ತೀರಾ ಇಳಿದು ಕೈಕಾಲು ನಡುಗಿ ಬೆವರು ಬಂದಾಗ ಶುಗರ್‌ಫ್ರೀ ಮಿಠಾಯಿ ಬಾಯಿಗೆ ಹಾಕಿಕೊಂಡರೆ ಕೆಲಸಕ್ಕೆ ಬರುವುದಿಲ್ಲ. ಆಗ ಗ್ಲೂಕೋಸೇ ಬೇಕು. ಪರ್ಸಿನಲ್ಲಿ ಅದನ್ನು ಬೇರೆಯಾಗಿ ಇಟ್ಟಿರಿ.

ಮನೆಯಲ್ಲಿ ನಾಯಿ ಇದ್ದರೆ ಕ್ಸೈಲಿಟಾಲ್ ಇರುವ ಗಮ್, ಮಿಠಾಯಿ ಅದರ ಬಾಯಿಗೆ ಸಿಗದಂತೆ ಇಡಿ. ನಮಗೆ ಬರೀ ಗ್ಯಾಸ್ ತರುವ ಅದು ನಾಯಿಗೆ ವಿಷ.

ಕಾರಣ ಇದಲ್ಲದಿದ್ದರೆ

ನಾಲ್ಕು ದಿನ ನಿಲ್ಲಿಸಿಯೂ ಬದಲಾವಣೆ ಕಾಣದಿದ್ದರೆ ಮೊದಲು ಮಾತ್ರೆಗಳ ಚೀಟಿ ನೋಡಿ. ಮೆಟ್‌ಫಾರ್ಮಿನ್ ಹೊಸದಾಗಿ ಶುರುವಾದಾಗ, ಡೋಸ್ ಏರಿಸಿದಾಗ ಲೂಸ್ ಮೋಷನ್ ಆಗುವುದುಂಟು. ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆಗಳು ಊಟದ ಪಿಷ್ಟ ಒಡೆಯುವುದನ್ನೇ ನಿಧಾನ ಮಾಡುತ್ತವೆ, ಒಡೆಯದೆ ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಗ್ಯಾಸ್ ಆಗುತ್ತದೆ. ಅದರ ಮೇಲೆ ಶುಗರ್‌ಫ್ರೀ ಬರ್ಫಿಯೂ ಸೇರಿದರೆ ಎರಡೂ ಕೂಡಿ ಜಾಸ್ತಿಯಾಗುತ್ತದೆ. ಮಾತ್ರೆ ಬದಲಾಯಿಸುವುದು, ಡೋಸ್ ಇಳಿಸುವುದು ಡಾಕ್ಟರ ಕೆಲಸ. ಹಾಲಿನ ಲ್ಯಾಕ್ಟೋಸ್ ಅರಗದವರಿಗೆ ಪೇಡ, ಖೋವಾ ಬರ್ಫಿಯಿಂದಲೂ ಇದೇ ರೀತಿ ಆಗುತ್ತದೆ. ಬರ್ಫಿ ತಿಂದಾಗ ಮಾತ್ರವಲ್ಲ, ಒಂದು ಲೋಟ ಹಾಲು ಕುಡಿದಾಗಲೂ ಆದರೆ ಆ ಕಡೆ ಅನುಮಾನ ಪಡಿ.

ಕೆಲವು ಲಕ್ಷಣಗಳು ಕಂಡರೆ ಈ ನಾಲ್ಕು ದಿನದ ಪರೀಕ್ಷೆಗೂ ಕಾಯಬೇಡಿ. ಮಲದಲ್ಲಿ ರಕ್ತ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಮಲದ ರೀತಿ ಬದಲಾಗುವುದು. ಇವುಗಳಲ್ಲಿ ಒಂದಿದ್ದರೂ ನೇರವಾಗಿ ಡಾಕ್ಟರ ಹತ್ತಿರ ಹೋಗಿ. ಗಮ್ ಮೇಲೆ ತಪ್ಪು ಹೊರಿಸಿಕೊಂಡು ದಿನ ದೂಡುವುದು ಅಪಾಯ. ಭೇದಿಯ ಜೊತೆ ಮೂತ್ರ ಕಡಿಮೆಯಾದರೆ, ತಲೆ ಸುತ್ತಿದರೆ, ಏನು ಕುಡಿದರೂ ವಾಂತಿಯಾದರೆ ಅವತ್ತೇ ತೋರಿಸಿ.

ಹೋಗುವಾಗ ಕೈಯಲ್ಲಿ ಮೂರು ವಸ್ತು ಇರಲಿ: ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಆ ಎರಡೆರಡು ಸಾಲಿನ ನೋಟ್‌ಬುಕ್, ತಿನ್ನುತ್ತಿದ್ದ ಶುಗರ್‌ಫ್ರೀ ಪ್ಯಾಕೆಟ್ಟುಗಳ ಹಿಂಬದಿಯ ಫೋಟೊ. ಡಾಕ್ಟರ್ ಕೇಳದಿದ್ದರೂ ಗಮ್ ಎಷ್ಟು, ಸ್ವೀಟು ಎಷ್ಟು ಅಂತ ನೀವೇ ಹೇಳಿ.